ಸ್ಕ್ರೀನ್‌ಶಾಟ್‌ನಲ್ಲಿ ನಂಬರ್: ಕತ್ತರಿಸೋದಾ, ಮುಚ್ಚೋದಾ?

ರಾಯಚೂರಿನ ಹತ್ತಿ ವ್ಯಾಪಾರದ ಒಂದು ವಾಟ್ಸಾಪ್ ಗ್ರೂಪಿಗೆ ಮೋಸದ ಲಿಂಕ್ ಬಂತು. ಬೇರೆಯವರಿಗೂ ಗೊತ್ತಾಗಲಿ ಅಂತ ಗೆಳೆಯರೊಬ್ಬರು ಸ್ಕ್ರೀನ್‌ಶಾಟ್ ತೆಗೆದು, ಮೇಲಿನ ಪಟ್ಟಿ ಕ್ರಾಪ್ ಮಾಡಿದರು. ಗ್ರೂಪಿನ ಹೆಸರು ಹೋಯಿತು. ಆದರೆ ನಡುವೆ ರೈತರೊಬ್ಬರು "ಇದು ಖರೇನಾ?" ಅಂತ ಕೇಳಿದ್ದರು. ಆ ಮೆಸೇಜಿನ ಮೇಲೆ ಅವರ ನಂಬರ್ ಹಾಗೇ ಇತ್ತು.

ಕ್ರಾಪ್ ಅಂಚನ್ನು ಮಾತ್ರ ತೆಗೆಯುತ್ತದೆ. ಹೆಸರು ತುದಿಯಲ್ಲಿದ್ದರೆ ಅಷ್ಟೇ ಸಾಕು. ನಡುವೆ ಇದ್ದರೆ ಮುಚ್ಚಲೇಬೇಕು, ಅದೂ ದಟ್ಟ ಬಣ್ಣದ ಚೌಕದಿಂದ. ಹೈಲೈಟರ್ ಪೆನ್ ಬೇಡ. ಅದರ ಬಣ್ಣ ತೆಳು, ಬ್ರೈಟ್‌ನೆಸ್ ಏರಿಸಿದರೆ ಅಂಕಿಗಳು ಕಾಣಬಹುದು. ರಿಪ್ಲೈ ಪೆಟ್ಟಿಗೆಯೊಳಗಿನ ಹೆಸರನ್ನೂ ನೋಡಿ, ಜಾಸ್ತಿ ಜನ ಮರೆಯುವುದು ಅದನ್ನೇ.

ಕ್ರಾಪ್ ಮಾಡಿದ್ದು ನಿಜಕ್ಕೂ ಹೋಗಿರುತ್ತದೆಯಾ? 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನಿನಲ್ಲಿ ಸ್ಕ್ರೀನ್‌ಶಾಟ್ ತಿದ್ದುವ ಮಾರ್ಕಪ್ ಎಂಬ ಟೂಲ್‌ನಲ್ಲಿ ಒಂದು ದೋಷ ಬಯಲಾಯಿತು. ಹೊಸ ಚಿತ್ರ ಚಿಕ್ಕದಾದರೂ ಹಳೆಯ ಫೈಲಿನ ಬಾಲ ಉಳಿಯುತ್ತಿತ್ತು. ಅದರಿಂದ ಕತ್ತರಿಸಿದ ಭಾಗವನ್ನು ಸ್ವಲ್ಪ ಮಟ್ಟಿಗೆ ಮರಳಿ ತೆಗೆಯಬಹುದಿತ್ತು. ಅಪ್‌ಡೇಟ್ ಬಂತು, ಆದರೆ ಮೊದಲೇ ಹಂಚಿದ ಫೈಲುಗಳು ಸರಿಯಾಗಲಿಲ್ಲ.

ಹಾಗಾಗಿ ನಾನು ಎರಡನ್ನೂ ಮಾಡುತ್ತೇನೆ: ಕ್ರಾಪ್ ಮಾಡಿ, ಮುಚ್ಚಿ, ಆ ಚಿತ್ರವನ್ನು ತೆರೆದು ಮತ್ತೊಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹಾಕುತ್ತೇನೆ. ಇಷ್ಟಾದರೂ "ಖರೇನಾ" ಅಂದವರು ಯಾರು ಅಂತ ಆ ಗ್ರೂಪಿನವರಿಗೆ ಗೊತ್ತಾಗುತ್ತದೆ, ಅಲ್ವಾ? ಅದಕ್ಕೆ ಆ ಸಾಲನ್ನೇ ಮುಚ್ಚಬೇಕು.