ಒಂದೇ ಲಾಭ ಎರಡು ಸಲ ಜಮಾ: ಆಡಿಟ್ ಆಗಿ ಬಂದ ಡೇಟಾ ನಂಬಿ ನಾನು ಕೆಟ್ಟೆ

ಆಡಿಟ್ ಮುಗಿಸಿ ವಾಪಸ್ ಬಂದ ಟ್ಯಾಲಿ ಡೇಟಾವನ್ನು ಕಣ್ಣು ಮುಚ್ಚಿ ತಗೋಬೇಡಿ. ನಾನು ತಗೊಂಡೆ. ಒಂಬತ್ತು ತಿಂಗಳು ತಪ್ಪು ಓಪನಿಂಗ್ ಬ್ಯಾಲೆನ್ಸ್ ಇಟ್ಟುಕೊಂಡು ವ್ಯಾಪಾರ ಮಾಡಿದೆ, ಬ್ಯಾಂಕಿನಲ್ಲಿ ಮರ್ಯಾದೆ ಕಳಕೊಂಡೆ, ಒಡಹುಟ್ಟಿದ ತಮ್ಮನ ಹತ್ತಿರ ಬಾಯಿ ಮಾಡಿಕೊಂಡೆ. ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ಬರೀತೀನಿ, ಯಾಕಂದ್ರೆ ಇದು ಎರಡೂ ಕಡೆ ಸರಿಯಾಗಿ ಕೂಡುವ ತಪ್ಪು. ಹುಡುಕದೆ ಸಿಗುವುದಿಲ್ಲ.

ಗಂಗಾವತಿಯಲ್ಲಿ ನಮ್ಮದು ರೈಸ್ ಮಿಲ್ ಸಾಮಾನಿನ ಅಂಗಡಿ. ರಬ್ಬರ್ ರೋಲ್, ಬೆಲ್ಟು, ಬೇರಿಂಗು, ಜಾಲರಿ. ನಾನೂ ತಮ್ಮನೂ ಪಾಲುದಾರರು. ಲಾಭದಲ್ಲಿ ನನಗೆ 60, ಅವನಿಗೆ 40. 2023-24ರಲ್ಲಿ ಮಳೆ ಕೈಕೊಟ್ಟಿತ್ತು, ಆದರೂ ಎಲ್ಲ ಖರ್ಚು ಕಳೆದು 8,40,000 ಲಾಭ ಉಳಿಯಿತು.

ಪಾಲುದಾರಿಕೆ ಅಂಗಡಿ ನಡೆಸುವವರಿಗೆ ಗೊತ್ತಿರುತ್ತೆ. ಮಾರ್ಚ್ 31ಕ್ಕೆ ಲಾಭವನ್ನು ಒಂದು ಜರ್ನಲ್ ಎಂಟ್ರಿ ಹಾಕಿ ಪಾಲುದಾರರ ಬಂಡವಾಳ ಖಾತೆಗೆ ವರ್ಗ ಮಾಡಬೇಕು. ಲಾಭ ನಷ್ಟದ ಖಾತೆಗೆ ಖರ್ಚು, ನಮ್ಮಿಬ್ಬರ ಖಾತೆಗೆ ಜಮಾ. ಆಡಿಟರ್ ಆಫೀಸಿನ ಹುಡುಗ ಜುಲೈನಲ್ಲಿ ವಾಟ್ಸಾಪ್ ಮಾಡಿದ: ಸವಕಳಿ ಇಷ್ಟು, ಆಡಿಟ್ ಫೀ ಇಷ್ಟು, ಲಾಭ 8,40,000 ಫೈನಲ್, ಹಂಚಿಬಿಡಿ. ನಮ್ಮ ಗುಮಾಸ್ತ ಎಲ್ಲವನ್ನೂ ಹಾಕಿದ. ನನಗೆ 5,04,000, ತಮ್ಮನಿಗೆ 3,36,000, ಎರಡೂ ಸೇರಿ ಒಂದೇ ಎಂಟ್ರಿ. ಅಲ್ಲಿಗೆ ಮುಗಿಯಬೇಕಿತ್ತು.

ಎರಡು ದಿನ ಬಿಟ್ಟು ಅದೇ ಆಫೀಸಿನಿಂದ ಇನ್ನೊಬ್ಬ ಹುಡುಗ ಬಂದ. "ಫೈನಲ್ ಚೆಕ್ ಮಾಡಿ ಕೊಡ್ತೀವಿ ಸರ್" ಅಂತ ಪೆನ್‌ಡ್ರೈವಿನಲ್ಲಿ ಡೇಟಾ ತಗೊಂಡು ಹೋದ. ಆಗಸ್ಟ್‌ನಲ್ಲಿ ವಾಪಸ್ ಬಂತು. ಜೊತೆಗೆ ಸಹಿ ಸೀಲು ಹಾಕಿದ ಬ್ಯಾಲೆನ್ಸ್ ಶೀಟು. ಅದು ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದ ವಾರ. ನೀರು ನಿಲ್ಲುತ್ತೋ ಇಲ್ಲವೋ, ಭತ್ತ ಬರುತ್ತೋ ಇಲ್ಲವೋ ಅಂತ ಇಡೀ ಊರಿಗೆ ಚಿಂತೆ. ಲೆಕ್ಕ ಯಾರು ನೋಡ್ತಾರೆ? ಪೇಪರಿಗೆ ಸಹಿ ಮಾಡಿದೆ. ಗುಮಾಸ್ತ ಅವರ ಡೇಟಾವನ್ನೇ ನಮ್ಮದರ ಮೇಲೆ ಹಾಕಿಕೊಂಡ. ಹೊಸ ವರ್ಷಕ್ಕೆ ನಾವು ಟ್ಯಾಲಿಯಲ್ಲಿ ಬೇರೆ ಕಂಪನಿಯನ್ನೇ ಮಾಡ್ತೀವಿ. ಹಾಗಾಗಿ ಹಳೇ ಕಂಪನಿಯ ಕ್ಲೋಸಿಂಗ್ ಬ್ಯಾಲೆನ್ಸುಗಳನ್ನು ಹೊಸದಕ್ಕೆ ಓಪನಿಂಗ್ ಆಗಿ ಎಳೆದುಕೊಂಡ. `Difference in opening balances` ಅಂತ ಏನಾದರೂ ಬಂತಾ ಅಂತ ಕೇಳಿದೆ. "ಒಂದು ಪೈಸಾ ಫರಕ್ ಇಲ್ಲ ಸಾವ್ಕಾರ್ರ" ಅಂದ. ನಿಜಕ್ಕೂ ಇರಲಿಲ್ಲ.

ಒಂಬತ್ತು ತಿಂಗಳು ಹಾಗೇ ಕಳೆಯಿತು.

ಮೇ 2025. ಸಿಸಿ ಸಾಲದ ರಿನ್ಯೂವಲ್‌ಗೆ ಬ್ಯಾಂಕಿಗೆ ಹೋದೆ. ಟ್ಯಾಲಿಯಿಂದಲೇ ತೆಗೆದ 2024-25ರ ಪ್ರಿಂಟ್ ಕೊಟ್ಟೆ. ಆ ವರ್ಷ 7,10,000 ಲಾಭ ಬಂದಿತ್ತು, ಸ್ವಲ್ಪ ಎದೆ ಉಬ್ಬಿಸಿಕೊಂಡೇ ಕೂತಿದ್ದೆ. ಆಫೀಸರ್ ಹಾಳೆ ತಿರುಗಿಸುತ್ತಾ ನಿಂತರು. ಆಸ್ತಿಗಳ ಕಡೆ ಕೊನೆಯ ಸಾಲಿನ ಮೇಲೆ ಪೆನ್ನು ಇಟ್ಟು, "ಏನ್ರಿ ಇದು, ಲಾಭ ಅಂತೀರಿ, ಇಲ್ಲಿ ಲಾಸ್ ಕುಂತೈತಲ್ಲ?" ಅಂದರು. `Profit & Loss A/c`, 1,30,000. ಆಸ್ತಿ ಕಡೆ. ಲಾಭ ಬಂದವರಿಗೆ ಆ ಸಾಲು ಜವಾಬ್ದಾರಿ ಕಡೆ ಇರಬೇಕು, ಆಸ್ತಿ ಕಡೆ ಬಂತು ಅಂದ್ರೆ ನುಂಗಿದ ನಷ್ಟ ಅಂತ ಅರ್ಥ. "ಹಿಂದಿನ ವರ್ಷದ್ದು ಏನರ ಮುಚ್ಚಿಟ್ಟೀರೇನು?" ಪಕ್ಕದ ಕುರ್ಚಿಯಲ್ಲಿ ನಮ್ಮದೇ ಗಿರಾಕಿ, ಒಬ್ಬ ಮಿಲ್ ಮಾಲೀಕರು ಕೂತಿದ್ದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮುಚ್ಚಿಟ್ಟೀರೇನು ಅಂತೆ. ನನಗೆ!

ರಾತ್ರಿ ಅಂಗಡಿ ಶಟರ್ ಅರ್ಧ ಎಳೆದು ನಾನೂ ಗುಮಾಸ್ತನೂ ಕೂತೆವು. ಆ ಸಾಲನ್ನು ಬಿಡಿಸಿ ನೋಡಿದರೆ ಓಪನಿಂಗಿನಲ್ಲೇ 8,40,000 ನಷ್ಟ. ಈ ವರ್ಷದ 7,10,000 ಲಾಭ ಕಳೆದು 1,30,000 ಉಳಿದಿದೆ. 8,40,000! ಹೋದ ವರ್ಷದ ಲಾಭದಷ್ಟೇ, ತಲೆಕೆಳಗಾಗಿ ಕೂತಿದೆ.

ಹಳೇ ಕಂಪನಿ ತೆಗೆದು ಮಾರ್ಚ್ 31ರ ಜರ್ನಲ್‌ಗಳಲ್ಲಿ 8,40,000 ಹುಡುಕಿದೆವು. ಒಂದೇ ಸಿಕ್ಕಿತು, ನಮ್ಮ ಗುಮಾಸ್ತನದು. ಇನ್ನೇನು, ಟ್ಯಾಲಿಯೇ ಕೆಟ್ಟಿರಬೇಕು ಅಂದುಕೊಂಡೆ. ಹನ್ನೊಂದು ಗಂಟೆ ಆಗಿತ್ತು. ಕೊನೆಗೆ ಗುಮಾಸ್ತ ಹಳೇ ವರ್ಷದ ಬ್ಯಾಲೆನ್ಸ್ ಶೀಟಿನಲ್ಲಿ ಲಾಭ ನಷ್ಟದ ಸಾಲನ್ನು ಬಿಡಿಸಿದ. `Current Period` 8,40,000. ಅದರ ಕೆಳಗೆ `Less: Transferred` 16,80,000. ಇರೋ ಲಾಭಕ್ಕಿಂತ ಹಂಚಿದ ಲಾಭ ಡಬಲ್! ಒಳಗೆ ಹೋದರೆ ಮೂರು ಎಂಟ್ರಿ. ನಮ್ಮದು 8,40,000. ಇನ್ನೊಂದು 5,04,000, ಇನ್ನೊಂದು 3,36,000, ಇಬ್ಬರಿಗೂ ಬೇರೆ ಬೇರೆ. ವಿವರಣೆ ಖಾಲಿ. ಅದಕ್ಕೇ ಮೊತ್ತ ಹಾಕಿ ಹುಡುಕಿದಾಗ ಸಿಕ್ಕಿರಲಿಲ್ಲ.

ಸವಕಳಿ ಎರಡು ಸಲ ಹಾಕಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು, ಯಾಕಂದ್ರೆ ಲಾಭವೇ ಕಡಿಮೆ ಆಗುತ್ತಿತ್ತು. ಲಾಭ ವರ್ಗಾವಣೆ ಹಾಗಲ್ಲ. ಅದನ್ನು ಹತ್ತು ಸಲ ಹಾಕಿದರೂ ಲಾಭ ನಷ್ಟದ ಪಟ್ಟಿಯಲ್ಲಿ 8,40,000 ಅಂತಲೇ ತೋರಿಸುತ್ತೆ. ತಾಳೆ ಪಟ್ಟಿಯೂ ಕೂಡುತ್ತೆ. ಒಂದು ಕಡೆ ಬಂಡವಾಳ ಉಬ್ಬುತ್ತೆ, ಇನ್ನೊಂದು ಕಡೆ ಅಷ್ಟೇ ಸುಳ್ಳು ನಷ್ಟ ಕೂರುತ್ತೆ. ಓಪನಿಂಗ್ ಎಳೆದುಕೊಂಡಾಗ ಫರಕ್ ಬರದೇ ಇದ್ದದ್ದೂ ಇದಕ್ಕೇ. ನನ್ನ ಬಂಡವಾಳ 14,24,000 ಇರಬೇಕಾದ ಜಾಗದಲ್ಲಿ 19,28,000 ಇತ್ತು. ತಮ್ಮನದು 9,46,000 ಬದಲಿಗೆ 12,82,000.

ತಮ್ಮನ ವಿಷಯಕ್ಕೆ ಬರ್ತೀನಿ, ಹೊಟ್ಟೆ ಉರಿಯೋದು ಅಲ್ಲೇ. ಅವನು ಮನೆ ಕಟ್ಟಿಸುತ್ತಿದ್ದ. ಅಕ್ಟೋಬರಿನಲ್ಲಿ ನಾನೇ ಸ್ಕ್ರೀನ್ ತೋರಿಸಿ "ನಿಂದು ಹನ್ನೆರಡೂವರೆ ಲಕ್ಷದ ಮೇಲೈತಿ, ಬೇಕಾದಷ್ಟು ತಗೋ" ಅಂದಿದ್ದೆ. ಫೆಬ್ರವರಿಯೊಳಗೆ 11,00,000 ತೆಗೆದ. ಇನ್ನೂ 1,82,000 ಉಳಿದಿದೆ ಅಂತ ಇಬ್ಬರೂ ತಿಳಿದಿದ್ದೆವು. ನಿಜಕ್ಕೆ ಅವನ ಪಾಲು ಮುಗಿದು 1,54,000 ಹೆಚ್ಚಿಗೆ ಹೋಗಿತ್ತು. ಮೇ ತಿಂಗಳಲ್ಲಿ ಇದನ್ನು ಹೇಳಿದಾಗ ಅವನು ಒಂದೇ ಮಾತು ಅಂದ: "ಅಣ್ಣಾ, ತೋರಿಸಿದಾಂವ ನೀನ ಅಲ್ಲ?" ಏನು ಹೇಳಲಿ?

ಬಡ್ಡಿಯೂ ಹಾಳಾಗಿತ್ತು. ನಮ್ಮ ಡೀಡ್ ಪ್ರಕಾರ ವರ್ಷದ ಮೊದಲ ದಿನದ ಬಂಡವಾಳಕ್ಕೆ 12%, ಆದಾಯ ತೆರಿಗೆಯವರು ಒಪ್ಪುವ ಮಿತಿಯೂ ಅಷ್ಟೇ. ಇಲ್ಲದ 8,40,000ಕ್ಕೆ 1,00,800 ಬಡ್ಡಿ ಖರ್ಚು ಹಾಕಿಕೊಂಡಿದ್ದೆವು. ಅಂದ್ರೆ 7,10,000 ಲಾಭ ಅನ್ನೋದೂ ಸುಳ್ಳು, ನಿಜದ್ದು 8,10,800. ಆ ವರ್ಷದ ರಿಟರ್ನ್ ಇನ್ನೂ ಹಾಕಿರಲಿಲ್ಲ, ಬಚಾವ್ ಆದೆವು.

ಈಗ ಆಡಿಟರ್ ಆಫೀಸಿನವರ ಉತ್ತರಗಳನ್ನು ಕೇಳಿ. ಮೊದಲು ಫೋನ್ ಎತ್ತಿದ ಹುಡುಗ: "ಟ್ಯಾಲಿ ಆಗ್ತದಲ್ಲ ಸರ್, ಇನ್ನೇನು ತಪ್ಪು?" ಎರಡೂ ಕಡೆ ಕೂಡಿದರೆ ಸರಿ ಅಂತ ಅವನ ಲೆಕ್ಕ. ಮರುದಿನ ಆಡಿಟರ್ ಸಾಹೇಬರೇ ಸಿಕ್ಕರು: "ನಾವು ಸಹಿ ಹಾಕಿದ ಪೇಪರ್ ನೋಡ್ರಿ, ಅದರಾಗ ಸರಿ ಐತಿ. ನಿಮ್ಮ ಡೇಟಾಕ್ಕೆ ನಾವು ಜವಾಬ್ದಾರರಲ್ಲ." ಮನೆಗೆ ಬಂದು ನೋಡಿದೆ, ಪೇಪರಿನಲ್ಲಿ ನನ್ನ ಬಂಡವಾಳ 14,24,000 ಅಂತಲೇ ಇದೆ! ಅವರು ಎಕ್ಸೆಲ್‌ನಲ್ಲಿ ಬೇರೆಯಾಗಿ ಮಾಡಿದ್ದರು. ಪೇಪರು ಒಂದು, ಡೇಟಾ ಒಂದು. ಎರಡನ್ನೂ ಒಂದೇ ಕವರಿನಲ್ಲಿ ಕೊಟ್ಟಿದ್ದರು. ನಾನು ಪಕ್ಕಪಕ್ಕ ಇಟ್ಟು ನೋಡಲೇ ಇಲ್ಲ. ಒಂದು ಸಲ ನೋಡಿದ್ದರೆ ಸಾಕಿತ್ತು. ಒಂದೇ ಒಂದು ಸಲ.

ಮತ್ತೆ ಹೋದೆ. "ಎಂಟ್ರಿ ನಿಮ್ಮ ಗುಮಾಸ್ತನೇ ಹಾಕಿರಬೇಕು" ಅಂದರು. ಪುಣ್ಯಕ್ಕೆ ಪೆನ್‌ಡ್ರೈವ್ ಕೊಟ್ಟ ದಿನವೇ ನಮ್ಮ ಗುಮಾಸ್ತ ಬ್ಯಾಕಪ್ ತೆಗೆದಿಟ್ಟಿದ್ದ. ಅದರಲ್ಲಿ ವರ್ಗಾವಣೆ ಒಂದೇ. ಅವರ ಟೇಬಲ್ ಮೇಲೇ ಲ್ಯಾಪ್‌ಟಾಪ್ ಬಿಚ್ಚಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು, ಕನ್ನಡಕ ತೆಗೆದು ಒರೆಸಿದರು. "ಆ ಹುಡುಗ ಕೆಲಸ ಬಿಟ್ಟು ಹೋದ" ಅಂದರು. ತಪ್ಪಾಯ್ತು ಅನ್ನಲಿಲ್ಲ. ಹುಡುಗ ಬಿಟ್ಟು ಹೋದ, ಅಷ್ಟೇ.

ತಿದ್ದಿ ಕೊಡ್ತೀವಿ ಅಂತ ಡೇಟಾ ಇಟ್ಟುಕೊಂಡರು. ನಾಲ್ಕು ದಿನಕ್ಕೆ ಕೊಟ್ಟರು. ತೆಗೆದು ನೋಡಿದರೆ ಹೊಸ ವರ್ಷದ ಕಂಪನಿಯಲ್ಲಿ ಅದೇ 19,28,000! ಹಳೇ ಕಂಪನಿಯಲ್ಲಿ ಎರಡು ಎಂಟ್ರಿ ಅಳಿಸಿ ಕೈ ತೊಳೆದುಕೊಂಡಿದ್ದರು. ಒಂದೇ ಕಂಪನಿಯಲ್ಲಿ ವರ್ಷ ಮುಂದುವರಿಸುವವರಿಗೆ ಹಿಂದಿನ ತಪ್ಪು ಅಳಿಸಿದರೆ ಮುಂದಿನದು ತಾನೇ ಸರಿ ಹೋಗುತ್ತೆ. ನಮ್ಮ ಹಾಗೆ ಬೇರೆ ಕಂಪನಿ ಮಾಡಿದವರಿಗೆ ಹಾಗಾಗಲ್ಲ. ಒಮ್ಮೆ ಬಂದು ಕೂತ ಓಪನಿಂಗ್ ಕೂತಲ್ಲೇ ಕೂತಿರುತ್ತೆ. ಎರಡನೇ ಸಲ ಮೋಸ ಹೋದ ಹಾಗಾಯ್ತು. ಕೇಳಿದರೆ, "1-4-2024ಕ್ಕೆ ಒಂದು ರಿವರ್ಸ್ ಎಂಟ್ರಿ ಹಾಕ್ಬಿಡ್ರಿ, ಅಷ್ಟ." ನಾನು ಒಪ್ಪಲಿಲ್ಲ. ಹಾಗೆ ಹಾಕಿದರೆ ಓಪನಿಂಗ್ ಯಾವತ್ತಿಗೂ ಸಹಿ ಮಾಡಿದ ಪೇಪರಿಗೆ ಹೊಂದುವುದಿಲ್ಲ, ಮತ್ತೆ ಯಾರಾದರೂ ಪೆನ್ನು ಇಟ್ಟು ಕೇಳ್ತಾರೆ. ಪೇಪರ್ ಮುಂದಿಟ್ಟುಕೊಂಡು ನಾನೂ ಗುಮಾಸ್ತನೂ ಮೂರು ಲೆಡ್ಜರಿನ ಓಪನಿಂಗ್ ತಿದ್ದಿದೆವು: ನನ್ನದು 14,24,000, ತಮ್ಮನದು 9,46,000, `Profit & Loss A/c` ಸೊನ್ನೆ. ಆಮೇಲೆ ಬಡ್ಡಿ ಎಂಟ್ರಿ ತಿದ್ದಿದೆವು. ಹತ್ತು ನಿಮಿಷದ ಕೆಲಸ.

ನೀವು ಮಾಡಬೇಕಾದ್ದು ಇಷ್ಟೇ. ಲಾಭ ಹಂಚುವ ಎಂಟ್ರಿ ಯಾರು ಹಾಕ್ತಾರೆ, ನೀವೋ ಅವರೋ, ಮೊದಲೇ ಬಾಯಿಬಿಟ್ಟು ಕೇಳಿ. ನಾವು ಹಾಕಿದೀವಿ ಅಂತ ನಾನೂ ಹೇಳಿರಲಿಲ್ಲ, ಅದು ನನ್ನ ತಪ್ಪೇ. ಡೇಟಾ ಬಂದ ದಿನ ಹಂಚಿದ್ದು ಲಾಭಕ್ಕಿಂತ ಜಾಸ್ತಿ ಇದೆಯಾ ನೋಡಿ. ಪೂರ್ತಿ ಹಂಚಿದ್ದರೆ ಲಾಭ ನಷ್ಟದ ಖಾತೆಯ ಓಪನಿಂಗ್ ಸೊನ್ನೆ ಇರಬೇಕು. ಬಂಡವಾಳವನ್ನು ಸಹಿ ಮಾಡಿದ ಪೇಪರಿನ ಜೊತೆ ಹಿಡಿದು ನೋಡಿ. "ಟ್ಯಾಲಿ ಆಗ್ತದಲ್ಲ" ಅಂದವರ ಮಾತು ಕೇಳಬೇಡಿ.

ತಮ್ಮನ ಹೆಚ್ಚಿನ 1,54,000 ಆ ವರ್ಷದ ಬಡ್ಡಿ, ಲಾಭದಲ್ಲಿ ಸರಿದೂಗಿತು. ಆದರೆ ಈಗ ಅವನು ದುಡ್ಡು ತೆಗೆಯೋ ಮುಂಚೆ ಸ್ಕ್ರೀನ್ ನಂಬಲ್ಲ, ಪ್ರಿಂಟ್ ಕೊಡು ಅಂತಾನೆ. ಬ್ಯಾಂಕಿಗೆ ಹೊಸ ಪ್ರಿಂಟ್ ಕೊಟ್ಟು ಬಂದೆ. ಆಫೀಸರ್ ಹಳೇದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರು, ನಾನು ಮಾಡದೇ ಇದ್ದ ಕೆಲಸ. ಹೋದ ವಾರ ಆಡಿಟರ್ ಆಫೀಸಿನಿಂದ ಬಿಲ್ ಬಂದಿದೆ. ಅದರಲ್ಲಿ "ಡೇಟಾ ತಿದ್ದುಪಡಿ, 5,000" ಅಂತ ಬೇರೆ ಸಾಲು. ಕಟ್ಟಿಲ್ಲ. ಕಟ್ಟೋದೂ ಇಲ್ಲ.