ಸ್ಲೈಡ್‌ನಿಂದ ಕೈಪ್ರತಿ: ಔಟ್‌ಲೈನ್ ತೆಗೆಯೋದಾ, ನೋಟ್ಸ್‌ನಲ್ಲಿ ಬರೆಯೋದಾ?

ಮಡಿಕೇರಿ ಕಡೆಯ ಕಾಫಿ ಬೆಳೆಗಾರರಿಗೆ ಬಿಳಿ ಕಾಂಡ ಕೊರಕ ಹುಳುವಿನ ಬಗ್ಗೆ ಸ್ಲೈಡ್ ಮಾಡಿದ್ದೀರಿ ಅಂದುಕೊಳ್ಳಿ. ಈಗ ಮನೆಗೆ ಒಯ್ದು ಓದುವ ಕೈಪ್ರತಿ ಬೇಕು.

ಮೊದಲ ದಾರಿ, ಪವರ್‌ಪಾಯಿಂಟ್‌ನಲ್ಲಿ `Save As` ಕೊಟ್ಟು `Outline/RTF` ಆರಿಸುವುದು. ವರ್ಡ್‌ನಲ್ಲಿ ತೆರೆದರೆ ತಲೆಬರಹ, ಅದರ ಕೆಳಗೆ ಅಂಶಗಳು ಸಿಗುತ್ತವೆ. ಆದರೆ ನೀವೇ ಎಳೆದು ಹಾಕಿದ ಟೆಕ್ಸ್ಟ್ ಬಾಕ್ಸ್‌ಗಳ ಮಾತು ಬರುವುದಿಲ್ಲ. ಸ್ಲೈಡ್ ಪಕ್ಕದಲ್ಲಿಟ್ಟು ಒಮ್ಮೆ ಹೋಲಿಸಿ ನೋಡಿ.

ಎರಡನೆಯದು, ಪ್ರತಿ ಸ್ಲೈಡ್‌ನ ನೋಟ್ಸ್‌ನಲ್ಲೇ ವಾಕ್ಯ ಬರೆದು `Notes Pages` ಮುದ್ರಿಸುವುದು. ಚಿತ್ರ ಜೊತೆಗೇ ಇರುತ್ತದೆ, ಹಾಳೆ ಮಾತ್ರ ಜಾಸ್ತಿ: ಸ್ಲೈಡ್‌ಗೆ ಒಂದು ಪುಟ.

ಹುಳು ಕೊರೆದ ಕಾಂಡದ ಮೇಲಿನ ಉಬ್ಬುಗೆರೆಯ ಫೋಟೋ ತೋರಿಸಲೇಬೇಕಾದರೆ ನೋಟ್ಸ್ ಒಳ್ಳೆಯದು. ಮಾತೇ ಮುಖ್ಯವಾದರೆ ನಾನು ಔಟ್‌ಲೈನ್ ಆರಿಸುತ್ತೇನೆ.

ಯಾವುದಾದರೂ ಸರಿ, ನಿಜವಾದ ಕೆಲಸ ವಾಕ್ಯ ಕಟ್ಟುವುದು. ಸ್ಲೈಡ್‌ನಲ್ಲಿ ಇಷ್ಟಿದೆ: “ನೆರಳು ಕಮ್ಮಿ. ಏಪ್ರಿಲ್–ಮೇ, ಅಕ್ಟೋಬರ್–ಡಿಸೆಂಬರ್. ತೊಗಟೆ ಉಜ್ಜುವುದು.” ಸುಮ್ನೆ ಪ್ರತಿಯೊಂದಕ್ಕೂ “ಬೇಕು” ಅಂಟಿಸಿದರೆ “ನೆರಳು ಕಮ್ಮಿ ಬೇಕು” ಆಗಿ ಅರ್ಥವೇ ತಲೆಕೆಳಗು! ಮಾತಾಡುವಾಗ ಬಾಯಲ್ಲಿ ಹೇಳಿದ “ಯಾಕೆ”, “ಯಾವಾಗ” ವಾಕ್ಯಕ್ಕೆ ಬರಬೇಕು, ಅಲ್ವಾ? ಹೀಗೆ: “ನೆರಳು ಕಮ್ಮಿಯಿರುವ ಕಡೆ ಅರೇಬಿಕಾ ಗಿಡಕ್ಕೆ ಈ ಹುಳುವಿನ ಕಾಟ ಜಾಸ್ತಿ. ಇದರ ದುಂಬಿಗಳು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ ಹಾರಾಡುತ್ತವೆ. ಅವು ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುವುದರಿಂದ, ಅದಕ್ಕೂ ಮೊದಲೇ ಸಡಿಲ ತೊಗಟೆ ಉಜ್ಜಿ ತೆಗೆಯಿರಿ.”

ತರಬೇತಿಗೆ ಬಾರದ ಪಕ್ಕದ ತೋಟದವರಿಗೆ ಕೊಟ್ಟು ಓದಿಸಿ. “ಇದು ಯಾವಾಗ ಮಾಡೋದು?” ಅಂತ ಕೇಳಿದರೆ, ಆ ಜಾಗದಲ್ಲಿ ಇನ್ನೊಂದು ವಾಕ್ಯ ಬೇಕು.