ಕೀಪಾ + ಗೂಗಲ್ ಶೀಟ್ಸ್: ವರ್ಷದ ಮೇಲೆ ಬಳಸಿದವರ ಮಾತು

ತುಮಕೂರಿನಲ್ಲಿ ಕೂತು ಚಾರ್ಜರ್, ಕೇಬಲ್, ಇಯರ್‌ಫೋನ್ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಮಾಲು ಬರೋದು ಬೆಂಗಳೂರಿನ ಎಸ್.ಪಿ. ರೋಡಿನಿಂದ. ಎದುರಾಳಿಗಳ ರೇಟು ನೋಡೋಕೆ ವರ್ಷದಿಂದ ಕೀಪಾ ಅನ್ನೋ, ಅಮೆಜಾನ್ ಮಾಲಿನ ಹಳೇ ರೇಟುಗಳನ್ನು ಗ್ರಾಫಿನಲ್ಲಿ ತೋರಿಸೋ ಬ್ರೌಸರ್ ಎಕ್ಸ್‌ಟೆನ್ಷನ್ ಮತ್ತು ಒಂದು ಗೂಗಲ್ ಶೀಟ್ ಬಳಸುತ್ತಿದ್ದೇನೆ.

ಬುಧವಾರ ಬೆಳಿಗ್ಗೆ, ಅಂಗಡಿ ಬಾಗಿಲು ತೆಗೆಯೋ ಮುಂಚೆ ಈ ಕೆಲಸ. ಅಮೆಜಾನ್‌ನಲ್ಲಿ ಲಾಗಿನ್ ಆಗದೆ, ಪಿನ್‌ಕೋಡ್ 572101 ಹಾಕಿ ನೋಡುತ್ತೇನೆ, ಯಾಕೆಂದರೆ ಊರು ಬದಲಾದರೆ ಡೆಲಿವರಿ ಚಾರ್ಜು, ಕೆಲವೊಮ್ಮೆ ಮಾರುವವರೂ ಬದಲಾಗುತ್ತಾರೆ. ಹುಡುಕಿ ಹೋಗಬೇಡಿ, ಶೀಟಿನಲ್ಲಿ ಲಿಂಕ್ ಇಟ್ಟುಕೊಳ್ಳಿ. ಲಿಂಕಿನಲ್ಲಿ /dp/ ಆದಮೇಲೆ ಬರೋ ಹತ್ತು ಅಕ್ಷರದ ASIN, ಅಂದರೆ ಅಮೆಜಾನ್ ಆ ಮಾಲಿಗೆ ಕೊಟ್ಟ ಗುರುತು, ಸರಿಯಿದೆಯಾ ನೋಡಿ. ಒಂದೇ ಪುಟದಲ್ಲಿ ಕೇಬಲ್ ಇರೋ ಚಾರ್ಜರೂ ಇರುತ್ತೆ, ಇಲ್ಲದ್ದೂ ಇರುತ್ತೆ, ಹುಡುಕಿ ಹೋದರೆ ಯಾವುದು ತೆರೆಯುತ್ತೋ ಹೇಳೋಕಾಗಲ್ಲ. ಎದುರಾಳಿ ದಿಢೀರ್ ಅಂತ ನೂರು ರೂಪಾಯಿ ಇಳಿಸಿದ ಹಾಗೆ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಬರೆಯೋದು ಬೆಲೆ, ಡೆಲಿವರಿ, ಕೂಪನ್, ಮಾರುವವರ ಹೆಸರು, ಅಷ್ಟೇ. ಬ್ಯಾಂಕ್ ಆಫರ್ ಬರೆಯಲ್ಲ. ಅದು ಹೆಚ್ಚಾಗಿ ನನ್ನ ಮಾಲಿಗೂ ಸಿಗುತ್ತೆ, ಅಲ್ವಾ?

ಶೀಟಿನಲ್ಲಿ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಕೊನೆಯ ಕಾಲಂ: ಇದಕ್ಕಿಂತ ಕೆಳಗೆ ಇಳಿಯಬಾರದು ಅನ್ನೋ ರೇಟು. ಒಂದು 65 ವ್ಯಾಟ್ ಚಾರ್ಜರ್ ತಗೊಳ್ಳಿ. ಜಿಎಸ್‌ಟಿ ಬಿಟ್ಟು ಅಸಲು 600. ಕಮಿಷನ್, ಶಿಪ್ಪಿಂಗ್, ಪ್ಯಾಕಿಂಗ್, ರಿಟರ್ನ್‌ಗೆ ಅಂತ ಎತ್ತಿಟ್ಟಿದ್ದು ಸೇರಿ 180. ಅದರ ಮೇಲೆ 18% ಜಿಎಸ್‌ಟಿ:

```
=(600+180)*1.18
```

920 ಬರುತ್ತೆ. ನಾನು 999ಕ್ಕೆ ಮಾರಿದರೆ ಅದರೊಳಗಿನ ಜಿಎಸ್‌ಟಿ, ಖರ್ಚು ಎಲ್ಲ ಕಳೆದು ಕೈಗೆ 66 ರೂಪಾಯಿ ಚಿಲ್ಲರೆ. ಎದುರಿನವರು 899ಕ್ಕೆ ಇಳಿಸಿದಾಗ ನಾನೂ ಅಷ್ಟಕ್ಕೇ ಇಳಿಸಿದರೆ ಪ್ರತಿ ಪೀಸಿಗೂ 18 ರೂಪಾಯಿ ಕೈಯಿಂದ ಹೋಗುತ್ತೆ. ರೇಟು ಇಳಿದಾಗ ಕಮಿಷನ್ ಸ್ವಲ್ಪ ಕಮ್ಮಿಯಾಗುತ್ತೆ ನಿಜ, ಆದರೆ ಅಷ್ಟರಿಂದ ನಷ್ಟ ತಪ್ಪಲ್ಲ.

ಇಲ್ಲಿ ಕೀಪಾ ಗ್ರಾಫ್ ಕೆಲಸಕ್ಕೆ ಬರುತ್ತೆ. ಆ 899 ಹಿಂದೆಯೂ ಬಂದಿತ್ತಾ, ಎಷ್ಟು ದಿನ ನಿಂತಿತ್ತು ಅಂತ ಕಾಣುತ್ತೆ. ಎರಡು ದಿನದ ಮುಳ್ಳಿನ ಥರ ಕೆಳಗೆ ಹೋಗಿ ಮೇಲೆ ಬಂದಿದ್ದರೆ ಸುಮ್ನೆ ಇರುತ್ತೇನೆ. ಪುಟದಲ್ಲಿ ಸ್ಟಾಕ್ ಎರಡೋ ಮೂರೋ ಉಳಿದಿದೆ ಅಂತ ತೋರಿಸಿದರೂ ಅಷ್ಟೇ, ಅವರ ಮಾಲು ಮುಗಿಯಲಿ. ಎರಡು ಬುಧವಾರ ಅದೇ ರೇಟು ನಿಂತರೆ ಮಾತ್ರ ಎಸ್.ಪಿ. ರೋಡಿಗೆ ಫೋನ್ ಮಾಡಿ ಅಸಲು ಇಳಿಸೋಕೆ ಕೇಳುತ್ತೇನೆ. ಇಳಿಯದಿದ್ದರೆ ಆ ಮಾಲು ಮತ್ತೆ ತರಿಸಲ್ಲ.

ಕೊರತೆ? ಗ್ರಾಫಿನ ‘New’ ಗೆರೆಯಲ್ಲಿ ಶಿಪ್ಪಿಂಗ್ ಸೇರಿಲ್ಲ, ಅದನ್ನೇ ನಂಬಿದರೆ ಎಲ್ಲರೂ ನಿಮಗಿಂತ ಅಗ್ಗ ಅನ್ನಿಸುತ್ತೆ. ಫ್ಲಿಪ್‌ಕಾರ್ಟ್ ರೇಟು ಕೀಪಾದಲ್ಲಿ ಸಿಗಲ್ಲ, ಕೈಯಿಂದಲೇ ಬರೆಯಬೇಕು. ಹಾಗಾಗಿ ನನ್ನ ಶೀಟಿನಲ್ಲಿ ಜಾಸ್ತಿ ಓಡೋ ಮಾಲು ಮಾತ್ರ ಇದೆ. ಹಬ್ಬದ ಸೇಲ್ ವಾರದಲ್ಲಿ ವಾರಕ್ಕೊಮ್ಮೆ ಸಾಲಲ್ಲ, ಆಗ ದಿನಾ ನೋಡುತ್ತೇನೆ, ಆದರೆ ಆ ರೇಟುಗಳನ್ನು ಬೇರೆ ಶೀಟಿನಲ್ಲಿ ಬರೆಯುತ್ತೇನೆ.

ನನ್ನ ರೇಟಿಂಗ್ ಐದಕ್ಕೆ ನಾಲ್ಕು.